ಕಾಂಟೂರ್ ಸ್ಟಿಕ್, ಕ್ರೀಮ್ ಬ್ರಾಂಜರ್, ಐಶ್ಯಾಡೋ ಪ್ಯಾಲೆಟ್: ಕರಾವಳಿಯ ಸೆಕೆಯಲ್ಲಿ ಮೇಕಪ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಯಾವ ಕಂಪನಿಯದ್ದು ಕೊಳ್ಳಬೇಕು ಎಂದು ಇಲ್ಲಿ ಹೇಳುವುದಿಲ್ಲ. ಕೈ ಪಳಗುವ ತನಕ ತಪ್ಪನ್ನು ತಿದ್ದಿಕೊಳ್ಳಲು ಬಿಡುವ ವಸ್ತು ಯಾವುದು, ಅದನ್ನು ಗುರುತಿಸುವುದು ಹೇಗೆ ಎಂಬುದಷ್ಟೇ ವಿಷಯ.

## ಕೊಳ್ಳುವ ಮೊದಲು

ಕಾಂಟೂರ್, ಬ್ರಾಂಜರ್ ಎರಡೂ ಕಂದು ಬಣ್ಣವೇ ಅಲ್ವಾ ಅಕ್ಕಾ? ಎರಡೂ ತಗೋಬೇಕಾ?

ಎರಡೂ ಕಂದೇ, ಆದರೆ ಕೆಲಸ ಬೇರೆ. ಕಾಂಟೂರ್ ಎಂದರೆ ನೆರಳು. ಕೆನ್ನೆಯ ಎಲುಬಿನ ಕೆಳಗೆ, ದವಡೆಯ ಅಂಚಿನಲ್ಲಿ ಸಹಜವಾಗಿ ಬೀಳುವ ನೆರಳನ್ನು ಅದು ಸ್ವಲ್ಪ ಗಾಢ ಮಾಡುತ್ತದೆ. ನೆರಳಿನಲ್ಲಿ ಕೆಂಪು, ಹಳದಿ ಕಡಿಮೆ ಇರುವುದರಿಂದ ಕಾಂಟೂರ್ ಕೂಡ ಸಪ್ಪೆ ಕಂದಾಗಿರುತ್ತದೆ. ಬ್ರಾಂಜರ್ ಎಂದರೆ ಬಿಸಿಲು. ಹಣೆಯ ಮೇಲ್ಭಾಗ, ಕೆನ್ನೆಯ ಉಬ್ಬು, ಮೂಗಿನ ಬೆನ್ನು ಹೀಗೆ ಬಿಸಿಲು ಮೊದಲು ತಾಗುವ ಕಡೆ ಅದನ್ನು ಹಚ್ಚುತ್ತಾರೆ. ಹಾಗಾಗಿ ಅದರಲ್ಲಿ ಕೆಂಪು ಮಿಶ್ರಿತ ಬೆಚ್ಚನೆಯ ಛಾಯೆ ಇರುತ್ತದೆ. ಬ್ರಾಂಜರನ್ನು ಕೆನ್ನೆಯ ಕೆಳಗೆ ಹಚ್ಚಿದರೆ ನೆರಳು ಕಾಣುವುದಿಲ್ಲ, ಮಣ್ಣು ಮೆತ್ತಿದಂತೆ ಕಾಣುತ್ತದೆ.

ಒಂದನ್ನೇ ಕೊಳ್ಳುವುದಾದರೆ ಕ್ರೀಮ್ ಬ್ರಾಂಜರ್ ಕೊಳ್ಳಿ. ಬಿಸಿಲಿನ ಬಣ್ಣಕ್ಕೆ ಖಚಿತವಾದ ಗಡಿ ಇಲ್ಲ, ಅರ್ಧ ಇಂಚು ಆಚೀಚೆ ಆದರೂ ಯಾರಿಗೂ ತಿಳಿಯದು. ನೆರಳು ತಪ್ಪಿದ ಜಾಗದಲ್ಲಿ ಬಿದ್ದರೆ ಮಾತ್ರ ಎದುರಿಗಿದ್ದವರಿಗೆ ಮೊದಲು ಅದೇ ಕಾಣುತ್ತದೆ.

"ಹೊಸಬರಿಗೆ ಸುಲಭ" ಅಂತ ಎಲ್ಲಾ ಡಬ್ಬಿ ಮೇಲೂ ಬರೆದಿರ್ತಾರೆ. ನಿಜವಾಗಿ ಸುಲಭದ್ದು ಯಾವುದು ಅಂತ ಗೊತ್ತಾಗೋದು ಹೇಗೆ?

ಎರಡು ವಿಷಯ ನೋಡಿದರೆ ಸಾಕು. ಅದು ಗಟ್ಟಿಯಾಗಿ ಕೂರುವ ಮೊದಲು ನಿಮಗೆ ಎಷ್ಟು ಹೊತ್ತು ಕೊಡುತ್ತದೆ? ಒಂದೇ ಸಲಕ್ಕೆ ಎಷ್ಟು ಬಣ್ಣ ಬಿಡುತ್ತದೆ? ಹೆಚ್ಚು ಹೊತ್ತು ಕೊಟ್ಟು ಕಡಿಮೆ ಬಣ್ಣ ಬಿಡುವುದೇ ಕಲಿಯುವವರ ವಸ್ತು. "ಒಂದೇ ಗೀಟಿಗೆ ಪೂರ್ತಿ ಬಣ್ಣ" ಎಂಬ ಜಾಹೀರಾತು ಪಳಗಿದ ಕೈಗೆ ಒಪ್ಪೀತು, ನಿಮಗೆ ಅಲ್ಲ.

ಹೊತ್ತಿನ ವ್ಯತ್ಯಾಸ ಬರುವುದು ಒಳಗಿನ ದ್ರವದಿಂದ. ಕೆಲವು ಸ್ಟಿಕ್‌ಗಳಲ್ಲಿ ಆವಿಯಾಗಿ ಹೋಗುವ ದ್ರವ ಇರುತ್ತದೆ. ಹಚ್ಚಿದ ಮೇಲೆ ಅದು ಹಾರಿಹೋಗಿ ಬಣ್ಣ ಮತ್ತು ಮೇಣ ಮಾತ್ರ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಆಮೇಲೆ ಉಜ್ಜಿದರೆ ಬಣ್ಣ ಹರಡುವುದಿಲ್ಲ, ಚೂರು ಚೂರಾಗಿ ಎದ್ದು ಬರುತ್ತದೆ. ಪದಾರ್ಥಗಳ ಪಟ್ಟಿಯ ಮೊದಲ ಮೂರು ನಾಲ್ಕು ಹೆಸರುಗಳಲ್ಲಿ ಐಸೊಡೋಡೆಕೇನ್ ಅಥವಾ ಸೈಕ್ಲೋಪೆಂಟಾಸಿಲೋಕ್ಸೇನ್ ಕಂಡರೆ ಅದು ಬೇಗ ಕೂರುವ ಜಾತಿ ಎಂದು ತಿಳಿಯಿರಿ. ಮೊದಲ ಹೆಸರುಗಳು ಹರಳೆಣ್ಣೆ, ಕ್ಯಾಪ್ರಿಲಿಕ್ ಟ್ರೈಗ್ಲಿಸರೈಡ್, ಬೇರೆ ಎಣ್ಣೆ, ಮೇಣ ಆಗಿದ್ದರೆ ಅದು ನಿಧಾನದ್ದು. ಪಟ್ಟಿಯಲ್ಲಿ ಹೆಚ್ಚು ಪ್ರಮಾಣದ್ದು ಮೊದಲು ಬರುವುದರಿಂದ ಈ ಲೆಕ್ಕ ನಡೆಯುತ್ತದೆ.

ಪಟ್ಟಿ ಓದುವುದು ಕಷ್ಟವಾದರೆ ಅಂಗಡಿಯಲ್ಲೇ ನೋಡಬಹುದು. ಟೆಸ್ಟರಿನಿಂದ ಮುಂಗೈಯ ಒಳಭಾಗದಲ್ಲಿ ಮೂರು ಗೀಟು ಎಳೆಯಿರಿ. ಮೊದಲನೆಯದನ್ನು ಹತ್ತು ಸೆಕೆಂಡಿಗೆ, ಎರಡನೆಯದನ್ನು ಒಂದು ನಿಮಿಷಕ್ಕೆ, ಮೂರನೆಯದನ್ನು ಎರಡು ನಿಮಿಷಕ್ಕೆ ಬೆರಳಿನಿಂದ ಉಜ್ಜಿ. ಒಂದು ನಿಮಿಷದ ಗೀಟೇ ಅಲುಗಾಡದೆ ಕೂತಿದ್ದರೆ ಆ ಸ್ಟಿಕ್ ವಾಪಸಿಡಿ. ಎರಡು ನಿಮಿಷದ್ದೂ ಹೊಗೆಯಂತೆ ಹರಡಿದರೆ ಅದು ನಿಮ್ಮದು. ಉಜ್ಜಿದ ಮೇಲೆ ಗೀಟಿನ ಅಂಚು ಮಾಯವಾಯಿತೇ ಎಂದೂ ನೋಡಿ. ಮಧ್ಯ ತೆಳುವಾಗಿ ಅಂಚು ಮಾತ್ರ ಉಳಿದರೆ ಮುಖದ ಮೇಲೂ ಅದೇ ಪಟ್ಟೆ ಉಳಿಯುತ್ತದೆ.

ನಂದು ಗೋಧಿ ಬಣ್ಣಕ್ಕಿಂತ ಸ್ವಲ್ಪ ಕಪ್ಪು. ಕಾಂಟೂರ್ ಹಾಕಿದ್ರೆ ಬೂದಿ ಬಳಿದ ಹಾಗೆ ಕಾಣುತ್ತೆ, ಬ್ರಾಂಜರ್ ಹಾಕಿದ್ರೆ ಕಿತ್ತಳೆ. ಯಾಕೆ?

ಎರಡಕ್ಕೂ ಕಾರಣ ಒಂದೇ. ಅವು ನಿಮಗಿಂತ ಬಿಳಿ ಚರ್ಮಕ್ಕೆ ಹೊಂದಿಸಿದ ಶೇಡ್‌ಗಳು. ತೆಳು ಶೇಡ್ ಮಾಡಲು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಸೇರಿಸುತ್ತಾರೆ. ಬಿಳಿ ಚರ್ಮದ ಮೇಲೆ ಅದು ಗೊತ್ತಾಗುವುದಿಲ್ಲ, ಕಂದು ಚರ್ಮದ ಮೇಲೆ ಬೂದಿಯಂತೆ ಎದ್ದು ಕಾಣುತ್ತದೆ. ಬ್ರಾಂಜರ್ ನಿಮ್ಮ ಚರ್ಮಕ್ಕಿಂತ ಗಾಢವಾಗಿಲ್ಲದಿದ್ದರೆ ಅದರ ಗಾಢತೆ ಎಲ್ಲೂ ಕಾಣದೆ ಕೆಂಪು, ಹಳದಿ ಮಾತ್ರ ಉಳಿಯುತ್ತವೆ. ಅದೇ ಕಿತ್ತಳೆ.

ಶೇಡ್ ಆರಿಸಲು ಒಂದು ಸುಲಭ ದಾರಿ ಇದೆ. ಹಗಲಿನಲ್ಲಿ ಕಿಟಕಿಯ ಪಕ್ಕ ಕನ್ನಡಿ ಹಿಡಿದು ಗದ್ದದ ಕೆಳಗೆ ಬೀಳುವ ನೆರಳಿನ ಬಣ್ಣ ನೋಡಿ. ಕಾಂಟೂರ್ ಆ ಬಣ್ಣಕ್ಕೆ ಹತ್ತಿರ ಇರಬೇಕು, ಎಂದರೆ ನಿಮ್ಮ ಚರ್ಮಕ್ಕಿಂತ ಒಂದರಿಂದ ಎರಡು ಶೇಡ್ ಗಾಢ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನಿರ್ಧರಿಸಬೇಡಿ. ದವಡೆಯ ಮೇಲೆ ಸ್ವಲ್ಪ ಹಚ್ಚಿಕೊಂಡು ಹೊರಗೆ ಬಂದು ನೋಡಿ. ಕಾಂಟೂರ್ ಎಂದು ಮಾರುವ ಸ್ಟಿಕ್‌ಗಳಲ್ಲಿ ಅಷ್ಟು ಗಾಢದ್ದು ಸಿಗದಿದ್ದರೆ ಎರಡು ಶೇಡ್ ಗಾಢವಾದ ಫೌಂಡೇಶನ್ ಸ್ಟಿಕ್ ಕೊಳ್ಳಿ. ಮುಖವಿಡೀ ಹರಡಲೆಂದೇ ಮಾಡಿದ ವಸ್ತು ಅದು, ಹಾಗಾಗಿ ಅನೇಕ ಕಾಂಟೂರ್ ಸ್ಟಿಕ್‌ಗಳಿಗಿಂತ ಸಲೀಸಾಗಿ ಬೆರೆಯುತ್ತದೆ.

## ಮುಖಕ್ಕೆ ಹಚ್ಚುವಾಗ

ವಿಡಿಯೋದಲ್ಲಿ ತೋರಿಸಿದ ಹಾಗೇ ಗೀಟು ಎಳೆದೆ. ಎಷ್ಟು ಉಜ್ಜಿದ್ರೂ ಪಟ್ಟೆ ಹೋಗ್ತಿಲ್ಲ!

ಸ್ಟಿಕ್ಕನ್ನು ನೇರವಾಗಿ ಮುಖಕ್ಕೆ ತಾಗಿಸಿದ್ದೇ ತಪ್ಪು. ಸ್ಟಿಕ್ ಮುಟ್ಟಿದ ಮೊದಲ ಜಾಗದಲ್ಲಿ ಬಣ್ಣ ದಪ್ಪವಾಗಿ ಕೂರುತ್ತದೆ, ಜೊತೆಗೆ ಕೆಳಗಿನ ಫೌಂಡೇಶನ್ ಎದ್ದು ಬರುತ್ತದೆ. ಆಮೇಲೆ ನೀವು ಉಜ್ಜುವುದು ಎರಡರ ಕಲಸುಮೇಲೋಗರವನ್ನು.

ಸ್ಟಿಕ್ಕನ್ನು ಎಡ ಅಂಗೈಯ ಹಿಂಬದಿಗೆ ಒಂದೊಂದು ಸೆಂಟಿಮೀಟರಿನ ಎರಡು ಗೀಟಾಗಿ ಹಚ್ಚಿ. ಎರಡೂ ಕೆನ್ನೆಗೆ ಸೇರಿ ಅಷ್ಟೇ ಸಾಕು. ಕೈಯ ಬಿಸಿಗೆ ಅದು ಮೆತ್ತಗಾಗುತ್ತದೆ. ಗಿಡ್ಡ, ದಟ್ಟ ಕೂದಲಿನ ಸಿಂಥೆಟಿಕ್ ಬ್ರಷ್ಷನ್ನು ಅದರ ಮೇಲೆ ಎರಡು ಸಲ ತಟ್ಟಿ, ಕೈಯ ಖಾಲಿ ಜಾಗದಲ್ಲಿ ಒಮ್ಮೆ ತಟ್ಟಿ ಹೆಚ್ಚಿನದನ್ನು ಇಳಿಸಿ, ಆಮೇಲೆ ಮುಖಕ್ಕೆ ಬನ್ನಿ. ಪ್ರಾಣಿಕೂದಲಿನ ಬ್ರಷ್ ಕ್ರೀಮನ್ನು ಕುಡಿದುಬಿಡುತ್ತದೆ, ಅದು ಪೌಡರಿಗಿರಲಿ.

ಜಾಗ ಹೀಗೆ: ಕಿವಿಯ ರಂಧ್ರದ ಎದುರಿನ ಪುಟ್ಟ ಉಬ್ಬಿನಿಂದ ಬಾಯಿಯ ಮೂಲೆಯ ಕಡೆಗೆ ಒಂದು ಗೆರೆ ಇದೆ ಎಂದುಕೊಳ್ಳಿ. ಕಿವಿಯ ಬಳಿ ಶುರುಮಾಡಿ ಆ ಗೆರೆಗಿಂತ ತುಸು ಮೇಲೆಯೇ ತಟ್ಟುತ್ತಾ ಬನ್ನಿ. ಕಣ್ಣಿನ ಹೊರಮೂಲೆಯಿಂದ ನೇರ ಕೆಳಗೆ ಇಳಿದರೆ ಎಲ್ಲಿ ಸಿಗುತ್ತದೋ ಅಲ್ಲಿಗೆ ನಿಲ್ಲಿಸಿ. ಇನ್ನೂ ಮುಂದೆ ಹೋದರೆ ಕೆನ್ನೆ ಗುಳಿಬಿದ್ದಂತೆ, ಜ್ವರದಿಂದ ಎದ್ದಂತೆ ಕಾಣುತ್ತದೆ. ಬೆರೆಸುವುದು ಯಾವಾಗಲೂ ಮೇಲ್ಮುಖವಾಗಿ. ಕೆಳಗೆ ಎಳೆದರೆ ಮುಖ ಜೋತುಬೀಳುತ್ತದೆ.

ಆದರೂ ಹೆಚ್ಚಾಯಿತೇ? ಅದರ ಮೇಲೆ ಹೊಸ ಫೌಂಡೇಶನ್ ಸುರಿಯಬೇಡಿ. ಫೌಂಡೇಶನ್ ಹಚ್ಚಿದ ಸ್ಪಂಜಿನಲ್ಲಿ ಉಳಿದಿರುವ ಪಸೆಯನ್ನೇ ಪಟ್ಟೆಯ ಕೆಳ ಅಂಚಿಗೆ ಒತ್ತುತ್ತಾ ಹೋಗಿ, ಅಂಚು ಕರಗಿದರೆ ಉಳಿದದ್ದು ನೆರಳಾಗಿಯೇ ಕಾಣುತ್ತದೆ.

ಅದೇ ಸ್ಟಿಕ್. ಶಿರಸಿ ಅಜ್ಜನ ಮನೇಲಿ ಚರ್ಮ ಎಳೀತಿತ್ತು, ಕಾರವಾರದಲ್ಲಿ ಜಾರಿ ಕುತ್ತಿಗೆಗೆ ಬಂತು. ನಕಲಿಯಾ?

ನಕಲಿ ಎನ್ನಬೇಕಿಲ್ಲ. ಮನೆಯ ಕೊಬ್ಬರಿ ಎಣ್ಣೆ ಬಾಟಲಿ ನೋಡಿದರೆ ಉತ್ತರ ಸಿಗುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಘಟ್ಟದ ಮೇಲೆ ಚಳಿಗಾಲದ ಬೆಳಿಗ್ಗೆ ಅದು ಬಾಟಲಿಯಲ್ಲಿ ಹೆಪ್ಪುಗಟ್ಟಿರುತ್ತದೆ, ಕರಾವಳಿಯಲ್ಲಿ ವರ್ಷದ ಹೆಚ್ಚು ದಿನ ನೀರಾಗಿಯೇ ಇರುತ್ತದೆ. ಸ್ಟಿಕ್ಕಿನೊಳಗಿನ ಎಣ್ಣೆ, ಬೆಣ್ಣೆಗಳ ಕತೆಯೂ ಇದೇ. ಅದನ್ನು ನಿಲ್ಲಿಸುವುದು ಮೇಣ. ಜೇನುಮೇಣ ಕರಗಲು 60 ಡಿಗ್ರಿ ದಾಟಬೇಕು, ಕಾರ್ನಾಬಾ ಮೇಣಕ್ಕೆ 80 ದಾಟಬೇಕು. ಮೇಣ ಹೆಚ್ಚಿರುವ ಸ್ಟಿಕ್ ಕರಾವಳಿಗೆ ಒಳ್ಳೆಯದು, ಚಳಿಯಲ್ಲಿ ಮಾತ್ರ ಗಟ್ಟಿ. ಶಿರಸಿಯಲ್ಲಿ ಅದನ್ನು ಕೈಯ ಮೇಲೆ ಹತ್ತು ಸೆಕೆಂಡ್ ಬಿಸಿ ಮಾಡಿಕೊಂಡರೆ ಎಳೆಯುವುದು ನಿಲ್ಲುತ್ತದೆ.

ಕರಾವಳಿಯ ತೊಂದರೆ ಇನ್ನೂ ಒಂದು ಇದೆ. ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಕ್ರೀಮಿನ ಕೆಳಗೆ ನಿಂತು ಅದನ್ನು ಎತ್ತಿಬಿಡುತ್ತದೆ. ತಿದ್ದಲು ಬಿಡುವ ನಿಧಾನದ ಕ್ರೀಮ್ ಇಲ್ಲಿ ಬೇಗ ಜಾರುವುದು ಇದಕ್ಕೇ. ಹಾಗೆಂದು ಬೇಗ ಕೂರುವ ಸ್ಟಿಕ್ಕಿಗೆ ಹೋಗುವ ಅಗತ್ಯವಿಲ್ಲ. ನಿಧಾನದ್ದನ್ನೇ ತೆಳುವಾಗಿ ಹಚ್ಚಿ, ನಿಧಾನವಾಗಿ ಬೆರೆಸಿ, ತೃಪ್ತಿಯಾದ ಮೇಲೆ ಪೌಡರಿನಿಂದ ಬೀಗ ಹಾಕಿ. ಬಣ್ಣವಿಲ್ಲದ ಸೆಟ್ಟಿಂಗ್ ಪೌಡರ್ ಒಂದು ಚಿಟಿಕೆ ಪಫ್‌ಗೆ ಹಾಕಿ, ಪಫ್ ಮಡಚಿ ಉಜ್ಜಿ, ಹೆಚ್ಚಿನದು ಕೊಡವಿ, ಮುಖಕ್ಕೆ ಒತ್ತಿ ಎತ್ತಿ. ಒರೆಸಬೇಡಿ. ಯಕ್ಷಗಾನದ ಚೌಕಿಯಲ್ಲಿ ಕೂತು ನೋಡಿದವರಿಗೆ ಇದು ಹೊಸದಲ್ಲ, ಅಲ್ಲೂ ಎಣ್ಣೆಯಲ್ಲಿ ಕಲಸಿದ ಬಣ್ಣದ ಮೇಲೆ ಪೌಡರ್ ಬೀಳುತ್ತದೆ.

ತಲೆಗೆ ಎಣ್ಣೆ ಹಾಕಿದ ದಿನ ಹಣೆಯ ಕೂದಲಂಚಿಗೆ ಬ್ರಾಂಜರ್ ಬೇಡ. ಎಣ್ಣೆ ಇಳಿದು ಬರುವಾಗ ಬಣ್ಣವನ್ನೂ ಹುಬ್ಬಿನ ತನಕ ಕರೆದುಕೊಂಡು ಬರುತ್ತದೆ.

ಪೌಡರ್ ಹಾಕಿದ ಮೇಲೆ ಕ್ರೀಮ್ ನೆನಪಾಯ್ತು. ಮೇಲಿಂದ ಹಾಕಬಹುದಾ?

ಬೇಡ. ಕ್ರೀಮಿನ ಎಣ್ಣೆಯನ್ನು ಪೌಡರ್ ಅಲ್ಲಲ್ಲಿ ಹೀರಿಕೊಂಡು ತೇಪೆ ಬೀಳುತ್ತದೆ. ಅವತ್ತಿಗೆ ಪೌಡರ್ ಬ್ರಾಂಜರ್ ಇದ್ದರೆ ಅದನ್ನು ಹಾಕಿ, ಇಲ್ಲದಿದ್ದರೆ ಹಾಗೇ ಹೊರಡಿ.

## ಕಣ್ಣಿಗೆ

ಮೊದಲ ಪ್ಯಾಲೆಟ್ 18 ಬಣ್ಣದ್ದು ತಗೊಳ್ಳಲಾ? ನಾಲ್ಕರದ್ದಕ್ಕೂ ಅದಕ್ಕೂ ರೇಟು ಹೆಚ್ಚು ವ್ಯತ್ಯಾಸ ಇಲ್ಲ.

ನಾಲ್ಕರದ್ದು ಸಾಕು, ಆರು ದಾಟಬೇಡಿ. ದೊಡ್ಡ ಪ್ಯಾಲೆಟ್‌ನಲ್ಲಿ ಬಳಕೆಯಾಗುವುದು ಅವೇ ಮೂರು ಬಣ್ಣ, ಉಳಿದವು ಮಳೆಗಾಲದ ತೇವ ಕುಡಿಯುತ್ತಾ ಕೂರುತ್ತವೆ. ಯಾವ ನಾಲ್ಕು ಎಂಬುದು ಮುಖ್ಯ. ನಿಮ್ಮ ರೆಪ್ಪೆಯ ಬಣ್ಣದ್ದೇ ಒಂದು ಮ್ಯಾಟ್, ಅದಕ್ಕಿಂತ ಎರಡು ಪಾಲು ಗಾಢವಾದ ಮಧ್ಯಮ ಕಂದಿನ ಮ್ಯಾಟ್, ತಾಮ್ರ ಅಥವಾ ಹಳೆ ಚಿನ್ನದಂತಹ ನಯವಾದ ಸ್ಯಾಟಿನ್, ಕಾಫಿಪುಡಿಯಂತಹ ಗಾಢ ಮ್ಯಾಟ್. ಇವುಗಳಲ್ಲಿ ಸ್ಯಾಟಿನ್ ಅತಿ ಸುಲಭ. ಅದರ ಕಣಗಳು ಬೆಳಕನ್ನು ಚದುರಿಸುವುದರಿಂದ ಅಂಚು ಸರಿಯಾಗಿ ಬೆರೆಯದಿದ್ದರೂ ಕಾಣುವುದಿಲ್ಲ. ಗಾಢ ಮ್ಯಾಟ್ ಅತಿ ಕಷ್ಟ, ಮುಟ್ಟಿದಲ್ಲೇ ಅಂಟಿ ಕಲೆಯಾಗುತ್ತದೆ. ದೊಡ್ಡ ಕಣದ ಗ್ಲಿಟರ್ ಸದ್ಯಕ್ಕೆ ಬೇಡವೇ ಬೇಡ, ಅದು ಕಣ್ಣೊಳಗೆ ಬೀಳುತ್ತದೆ.

ಅಂಗಡಿಯಲ್ಲಿ ಬೆರಳಿಗೆ ಉಜ್ಜಿ ನೋಡಿ ಮೋಸ ಹೋಗಬೇಡಿ. ಬೆರಳಿನ ಬಿಸಿ, ಎಣ್ಣೆಗೆ ಎಲ್ಲಾ ಶ್ಯಾಡೋ ಚೆನ್ನಾಗಿಯೇ ಕಾಣುತ್ತದೆ. ಬ್ರಷ್‌ನಿಂದ ಒಂದು ಸಲ ಮುಟ್ಟಿ ಕೈಮೇಲೆ ಹರಡಿ. ಮಸುಕಾಗಿ ಬಂದು ಎರಡನೇ, ಮೂರನೇ ಸಲಕ್ಕೆ ಸಮವಾಗಿ ಏರಿದರೆ ಒಳ್ಳೆಯದು. ಬ್ರಷ್ ಮುಟ್ಟಿದ ಕೂಡಲೇ ಬಟ್ಟಲ ತುಂಬಾ ಪುಡಿ ಎದ್ದರೆ ಅದು ತೀರಾ ಸಡಿಲ. ಟೆಸ್ಟರ್ ಪುಡಿಯನ್ನು ಕಣ್ಣಿಗೆ ಮಾತ್ರ ಹಚ್ಚಬೇಡಿ.

ಮೂರು ಬಣ್ಣ ಹಾಕಿದ್ರೂ ಕೊನೆಗೆ ಒಂದೇ ಕೊಳಕು ಬೂದು. ಬ್ಲೆಂಡ್ ಕಮ್ಮಿ ಆಯ್ತಾ?

ಸಾಮಾನ್ಯವಾಗಿ ಬ್ಲೆಂಡ್ ಹೆಚ್ಚಾಗಿ ಹೀಗಾಗುತ್ತದೆ. ಗಾಢ ಬಣ್ಣವಿದ್ದ ಬ್ರಷ್ಷಿನಲ್ಲೇ ರೆಪ್ಪೆಯಿಡೀ ಓಡಾಡಿದರೆ ಎಲ್ಲಾ ಬಣ್ಣ ಒಂದಾಗುತ್ತವೆ. ಪ್ರತಿ ಬಣ್ಣದ ನಡುವೆ ಬ್ರಷ್ಷನ್ನು ಒಣ ಹತ್ತಿ ಬಟ್ಟೆಗೆ ನಾಲ್ಕೈದು ಸಲ ಒರೆಸಿ. ಗಾಢ ಬಣ್ಣ ಹೊರಮೂಲೆಯ ಮೂರನೇ ಒಂದು ಭಾಗ ದಾಟಬಾರದು.

ಕೆಳಗಿನ ಪದರವೂ ನೋಡಬೇಕು. ರೆಪ್ಪೆಗೆ ಕನ್ಸೀಲರ್ ಹಚ್ಚಿ ಅಂಟು ಇರುವಾಗಲೇ ಮ್ಯಾಟ್ ಇಟ್ಟರೆ ಅದು ಇಟ್ಟಲ್ಲೇ ಹಿಡಿದುಕೊಂಡು ತೇಪೆಯಾಗುತ್ತದೆ. ಕನ್ಸೀಲರ್ ಮೇಲೆ ಒಂದಿಷ್ಟು ಪೌಡರ್ ಅಥವಾ ಚರ್ಮದ ಬಣ್ಣದ ಆ ಮೊದಲ ಮ್ಯಾಟ್ ಒತ್ತಿ, ಆಮೇಲೆ ಉಳಿದದ್ದು ಹಾಕಿ, ಬ್ರಷ್ ಜಾರುತ್ತದೆ. ಸ್ಯಾಟಿನ್‌ಗೆ ಮಾತ್ರ ಅಂಟು ಬೇಕು, ಅದನ್ನು ಬೆರಳಿನಿಂದ ಒತ್ತುವುದೇ ಲೇಸು.

ಮೇ ತಿಂಗಳಲ್ಲಿ ಕುಮಟಾದಲ್ಲಿ ಚಿಕ್ಕಮ್ಮನ ಮಗಳ ಮದುವೆ, ಹತ್ತೂವರೆಗೆ ಮುಹೂರ್ತ. ನಾನೇ ಮಾಡ್ಕೋತೀನಿ. ಎಷ್ಟೊತ್ತಿಗೆ ಶುರು ಮಾಡ್ಲಿ, ಯಾವುದರ ನಂತರ ಯಾವುದು?

ಎಂಟು ಗಂಟೆಗೆ ಕೂತರೆ ಒಂಬತ್ತಕ್ಕೆ ಮುಗಿಯುತ್ತದೆ. ಮೊದಲು ಸೀರೆ ಉಟ್ಟುಬಿಡಿ, ಹೆಗಲ ಮೇಲೊಂದು ಟವೆಲ್ ಹಾಕಿಕೊಳ್ಳಿ. ಕಿಟಕಿಗೆ ಮುಖ ಮಾಡಿ, ಫ್ಯಾನ್ ಕೆಳಗೆ ಕೂರಿ. ಅಡುಗೆಮನೆ, ಬಚ್ಚಲಿನ ಹಬೆಯ ಹತ್ತಿರ ಬೇಡ.

ಮುಖ ತೊಳೆದು, ಹಗುರ ಜೆಲ್ ಮಾಯಿಶ್ಚರೈಸರ್, ಅದರ ಮೇಲೆ ಸನ್‌ಸ್ಕ್ರೀನ್ ಹಚ್ಚಿ ಹತ್ತು ನಿಮಿಷ ಬಿಡಿ. ಆರುವ ಮೊದಲು ಮೇಲೆ ಉಜ್ಜಿದರೆ ಅದು ರಬ್ಬರಿನ ಪುಡಿಯಂತೆ ಸುರುಳಿ ಸುರುಳಿಯಾಗಿ ಏಳುತ್ತದೆ. ಎಂಟೂ ಕಾಲಿಗೆ ಕಣ್ಣು. ಮುಖಕ್ಕಿಂತ ಮೊದಲು ಕಣ್ಣು ಮುಗಿಸಿದರೆ ಉದುರಿದ ಪುಡಿಯನ್ನು ಒದ್ದೆ ಹತ್ತಿಯಲ್ಲಿ ಒರೆಸಬಹುದು. ರೆಪ್ಪೆಯ ಮಡಿಕೆಯಲ್ಲಿ ಮಧ್ಯಮ ಕಂದು, ಆಚೆ ಈಚೆ ಹತ್ತು ಹದಿನೈದು ಸಲ. ರೆಪ್ಪೆಯ ನಡುವೆ ಉಂಗುರ ಬೆರಳಿನಿಂದ ತಾಮ್ರದ ಸ್ಯಾಟಿನ್. ಹೊರಮೂಲೆಗೆ ಗಾಢದ್ದು, ಅದೂ ಬೇಕೆನಿಸಿದರೆ.

ಎಂಟೂ ಮುಕ್ಕಾಲಿಗೆ ಫೌಂಡೇಶನ್, ಕಡಲೆಕಾಳಿನಷ್ಟು, ಬೇಕಾದ ಕಡೆ ಮಾತ್ರ. ಕೂಡಲೇ ಕ್ರೀಮ್ ಬ್ರಾಂಜರ್ ಕೆನ್ನೆಯುಬ್ಬಿಗೆ, ಮೂಗಿಗೆ ತುಸು. ಕಾಂಟೂರ್ ದವಡೆಯ ಅಂಚಿಗೆ ಸಾಕು. ಒಂದು ನಿಮಿಷ ಬಿಟ್ಟು ಪಫ್‌ನಲ್ಲಿ ಪೌಡರ್ ಒತ್ತಿ, ಮೂಗಿನ ಪಕ್ಕ, ಮೇಲ್ತುಟಿ, ಹಣೆಯ ನಡುವೆ ಎರಡು ಸಲ.

ಪರ್ಸಿನಲ್ಲಿ ಟಿಶ್ಯೂ ಮತ್ತು ಕಾಂಪ್ಯಾಕ್ಟ್ ಇರಲಿ. ಊಟದ ಪಂಕ್ತಿಯಿಂದ ಎದ್ದ ಮೇಲೆ ಬೆವರನ್ನು ಟಿಶ್ಯೂ ಒತ್ತಿ ತೆಗೆಯಿರಿ, ಆಮೇಲೆ ಪೌಡರ್. ಬೆವರಿನ ಮೇಲೆಯೇ ಪೌಡರ್ ಬಿದ್ದರೆ ಹಿಟ್ಟು ಕಲಸಿದಂತಾಗುತ್ತದೆ, ಅದಕ್ಕೆ ಮದ್ದಿಲ್ಲ. ಇಷ್ಟನ್ನೂ ಮದುವೆಗೆ ಒಂದು ವಾರ ಮೊದಲು ಒಮ್ಮೆ ಮಾಡಿ, ನಾಲ್ಕು ಗಂಟೆ ಇಟ್ಟುಕೊಂಡು ಎಲ್ಲಿ ಇಳಿಯುತ್ತದೆ ನೋಡಿ.

## ಸ್ವಲ್ಪ ಬಳಸಿದ ಮೇಲೆ ಬರುವ ಪ್ರಶ್ನೆಗಳು

ಶ್ಯಾಡೋ ಮೇಲೆ ಹೊಳೆಯೋ ಪದರ ಕೂತಿದೆ, ಬ್ರಷ್‌ಗೆ ಬಣ್ಣವೇ ಬರ್ತಿಲ್ಲ. ಬೂಷ್ಟಾ?

ನಯವಾಗಿ, ಗಾಜಿನಂತೆ ಹೊಳೆಯುತ್ತಿದ್ದರೆ ಬೂಷ್ಟಲ್ಲ. ಬೆರಳಿನ ಮತ್ತು ಬ್ರಷ್‌ನ ಎಣ್ಣೆ ಪುಡಿಯ ಮೇಲ್ಮೈಯನ್ನು ಗಟ್ಟಿ ಮಾಡಿದೆ. ಸೆಲ್ಲೋಟೇಪ್ ಒತ್ತಿ ಎಳೆದರೆ ಆ ಪದರ ಬಂದುಬಿಡುತ್ತದೆ, ಕೆಳಗೆ ಹೊಸ ಪುಡಿ ಇರುತ್ತದೆ. ಬೂಷ್ಟು ಬೇರೆ ತರಹ. ನವಿರು ರೋಮದಂತೆ, ಚುಕ್ಕೆ ಚುಕ್ಕೆಯಾಗಿ ಬಂದು ಮುಗ್ಗಲು ವಾಸನೆ ಹೊಡೆಯುತ್ತದೆ. ಒಂದು ಬಟ್ಟಲಿಗೆ ಬಂದಿದ್ದರೂ ಇಡೀ ಪ್ಯಾಲೆಟ್ ಎಸೆಯಿರಿ, ಕಣ್ಣಿನ ವಿಷಯ ಅದು. ಜೂನ್‌ನಿಂದ ಸೆಪ್ಟೆಂಬರ್ ತನಕ ತೊಳೆದ ಬ್ರಷ್ ರಾತ್ರಿಯಿಡೀ ಫ್ಯಾನ್ ಕೆಳಗಿಟ್ಟರೂ ಬುಡದಲ್ಲಿ ತೇವ ಉಳಿಯುತ್ತದೆ. ಪೂರ್ತಿ ಒಣಗದ ಬ್ರಷ್ಷನ್ನು ಪುಡಿಗೆ ಅದ್ದುವುದೇ ಬೂಷ್ಟಿಗೆ ಬಾಗಿಲು ತೆರೆದಂತೆ. ಪ್ಯಾಲೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ, ಚಪ್ಪಲಿ ಬಾಕ್ಸಿನಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬಹುದು.

ಸ್ಟಿಕ್ ಮೇಲೆ ಎಣ್ಣೆ ಹನಿ ನಿಂತಿದೆ. ಹಾಳಾಯ್ತಾ?

ಸೆಕೆಗೆ ಎಣ್ಣೆ ಮೇಲೆ ಬಂದಿದೆ, ಅಷ್ಟೇ. ಟಿಶ್ಯೂ ತಾಗಿಸಿ ತೆಗೆದು ಬಳಸಿ. ಹಳೆ ಎಣ್ಣೆಯ ಕಮಟು ವಾಸನೆ ಬಂದರೆ ಅಥವಾ ಡಬ್ಬಿಯ ಮೇಲೆ ತೆರೆದ ಮುಚ್ಚಳದ ಚಿತ್ರದಲ್ಲಿ ಬರೆದಷ್ಟು ತಿಂಗಳು ದಾಟಿದ್ದರೆ ಬಿಡಿ. ಅಲ್ಲಿ 12 ಎಂದಿದ್ದರೆ ತೆರೆದ ದಿನದಿಂದ 12 ತಿಂಗಳು, ಕೊಂಡ ದಿನದಿಂದಲ್ಲ. ಸ್ಕೂಟಿ ಡಿಕ್ಕಿಯಲ್ಲಿ ಮಾತ್ರ ಇಡಬೇಡಿ. ಪೂರ್ತಿ ಕರಗಿ ಮತ್ತೆ ಗಟ್ಟಿಯಾದ ಸ್ಟಿಕ್‌ನಲ್ಲಿ ಬಣ್ಣ ಒಂದು ಕಡೆ, ಮೇಣ ಒಂದು ಕಡೆ ಆಗಿ ಗಂಟು ಗಂಟಾಗಿ ಬರುತ್ತದೆ.

ಆನ್‌ಲೈನ್‌ನಲ್ಲಿ ದೊಡ್ಡ ಬ್ರ್ಯಾಂಡಿನ ಪ್ಯಾಲೆಟ್ ಕಾಲು ಬೆಲೆಗೆ ಸಿಗ್ತಿದೆ. ತರಿಸಲಾ?

ಬಂದ ಮೇಲೆ ಮುಖಕ್ಕೆ ಹಚ್ಚುವ ಮೊದಲು ಲೇಬಲ್ ಓದಿ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಇಲ್ಲಿ ತಯಾರಾದ ವಸ್ತುವಿನ ಮೇಲೆ ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆ ಪರವಾನಗಿ ಸಂಖ್ಯೆ, ಬಳಕೆಯ ಅವಧಿ ಇರಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ಹೆಸರು, ವಿಳಾಸ ಮತ್ತು ಆಮದು ನೋಂದಣಿ ಸಂಖ್ಯೆ ಇರಬೇಕು. ಇವ್ಯಾವುವೂ ಇಲ್ಲದೆ ಬ್ರ್ಯಾಂಡಿನ ಹೆಸರು ಮಾತ್ರ ಹೊಳೆಯುತ್ತಿದ್ದರೆ ವಾಪಸ್ ಮಾಡಿ.

ಬೇಗ ಕೂರೋ ಸ್ಟಿಕ್ ಬೆವರಿಗೆ ಜಗ್ಗಲ್ಲ ಅಂತಾರೆ. ಅದಕ್ಕೆ ಯಾವಾಗ ಬದಲಾಯಿಸಬಹುದು?

ಗಡಿಯಾರ ಇಟ್ಟು ನೋಡಿ. ನಿಧಾನದ ಸ್ಟಿಕ್ಕಿನಲ್ಲಿ ಒಂದು ಕೆನ್ನೆಯನ್ನು ಹಚ್ಚಿ ಬೆರೆಸಿ ಮುಗಿಸಲು ನಿಮಗೆ ಮೂವತ್ತು ಸೆಕೆಂಡ್ ಸಾಕಾದಾಗ, ಅದೂ ಎರಡೂ ಕಡೆ ಒಂದೇ ತರಹ ಬಂದಾಗ ಬದಲಾಯಿಸಬಹುದು. ಆಗಲೂ ಎರಡು ಕೆನ್ನೆಗೆ ಒಟ್ಟಿಗೆ ಬಣ್ಣ ಇಟ್ಟು ಆಮೇಲೆ ಬೆರೆಸಲು ಹೋಗಬೇಡಿ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ, ಇಲ್ಲದಿದ್ದರೆ ಎಡಗೆನ್ನೆ ಮುಗಿಯುವಷ್ಟರಲ್ಲಿ ಬಲಗೆನ್ನೆಯದು ಕೂತುಬಿಟ್ಟಿರುತ್ತದೆ. ಕೂತ ಪಟ್ಟೆಯನ್ನು ಉಜ್ಜಿ ತೆಗೆಯಲಾಗದು. ಹತ್ತಿಗೆ ಎಣ್ಣೆಯುಕ್ತ ಕ್ಲೆನ್ಸರ್ ಹಾಕಿ ಅಷ್ಟು ಜಾಗ ಒರೆಸಿ, ಒದ್ದೆ ಬಟ್ಟೆಯಿಂದ ಜಿಡ್ಡು ತೆಗೆದು, ಫೌಂಡೇಶನ್‌ನಿಂದ ಮತ್ತೆ ಶುರು ಮಾಡಬೇಕು.